ಸಹಾಯ ಬೇಕು: ಹೆಸರು ಅಳಿಸಿದರೂ ರೋಗಿಯ ಗುರುತು ಉಳಿಯುತ್ತಿದೆ

ಮಾನ್ಯರೇ,

ಕಾಸರಗೋಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನು, ಇಲಿಜ್ವರದ ಒಂದು ಪ್ರಕರಣವನ್ನು ಮುಂದಿನ ವಾರ ತರಗತಿಯಲ್ಲಿ ವಿವರಿಸಬೇಕಾಗಿದೆ. (ಇಲ್ಲಿಯೂ ವಿವರಗಳನ್ನು ಬದಲಿಸಿಯೇ ಬರೆದಿದ್ದೇನೆ.)

ಹೆಸರು, ಐ.ಪಿ. ಸಂಖ್ಯೆ, ವಿಳಾಸ, ಫೋನ್ ಸಂಖ್ಯೆಗಳನ್ನು ತೆಗೆದಿದ್ದೇನೆ. ತಾರೀಕುಗಳ ಬದಲು ‘ಜ್ವರದ 1ನೇ ದಿನ’, ‘5ನೇ ದಿನ ಕಣ್ಣು ಹಳದಿ’, ‘6ನೇ ದಿನ ಮೂತ್ರ ಕಡಿಮೆ’ ಎಂದು ಬರೆದಿರುವುದರಿಂದ ರೋಗ ಬೆಳೆದ ಕ್ರಮ ಕೆಡದೆ ಉಳಿದಿದೆ.

ಎಕ್ಸ್‌ರೇ ಚಿತ್ರದ ಮೂಲೆಯಲ್ಲಿದ್ದ ಹೆಸರನ್ನು ಪವರ್‌ಪಾಯಿಂಟಿನಲ್ಲೇ ಕತ್ತರಿಸಿದ್ದೆ. ಸಹೋದ್ಯೋಗಿಯೊಬ್ಬರು ಚಿತ್ರವನ್ನು ಆರಿಸಿ Crop ಒತ್ತಿದಾಗ ಕತ್ತರಿಸಿದ ಭಾಗ ಹೆಸರಿನೊಂದಿಗೆ ಮತ್ತೆ ಕಾಣಿಸಿತು. ಕಡತವನ್ನು ವಿದ್ಯಾರ್ಥಿಗಳಿಗೆ ಹಂಚಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕಳವಳವಾಗುತ್ತದೆ. ಈಗ ಚಿತ್ರವನ್ನು ಹೊರಗೆ ಕತ್ತರಿಸಿ, ಹೊಸ ಚಿತ್ರವಾಗಿ ಉಳಿಸಿ, ಅನಂತರವೇ ಸೇರಿಸುತ್ತಿದ್ದೇನೆ.

ನನ್ನನ್ನು ಕಾಡುತ್ತಿರುವುದು ವೈದ್ಯರ ಟಿಪ್ಪಣಿಯ ಒಂದು ಸಾಲು: ‘58 ವರ್ಷ, ಸುರಂಗ ತೋಡುವವರು, ಸೊಸೆ ಇದೇ ವಾರ್ಡಿನ ನರ್ಸ್.’ ಸೊಸೆಯ ಉಲ್ಲೇಖ ಪಾಠಕ್ಕೆ ಬೇಡವಾದ್ದರಿಂದ ಅದನ್ನು ಅಳಿಸಬಹುದು. ಆದರೆ ನೀರಿನ ಸುರಂಗ ತೋಡುವವರು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟೇ ಇರುವುದರಿಂದ, ಆ ಒಂದು ಪದದಿಂದಲೇ ವಿದ್ಯಾರ್ಥಿಗಳು ವ್ಯಕ್ತಿಯನ್ನು ಗುರುತಿಸಿಯಾರು. ಕಸುಬನ್ನು ಪೂರ್ತಿ ಬಿಟ್ಟರೆ, ಇಲಿಯ ಮೂತ್ರ ಬೆರೆತ ನೀರು, ಮಣ್ಣು ಕಾಲಿನ ಗಾಯಕ್ಕೆ ತಗುಲಿ ಸೋಂಕು ಬಂದಿರಬಹುದೆಂಬ ಮುಖ್ಯ ಸುಳಿವೇ ಹೋಗುತ್ತದೆ.

‘50ರಿಂದ 60ರ ವಯಸ್ಸಿನವರು, ಬರಿಗಾಲಿನಲ್ಲಿ ಒದ್ದೆ ಮಣ್ಣಿನ ಕೆಲಸ ಮಾಡುವವರು’ ಎಂದರೆ ಸಾಕೇ? ಇಂತಹ ಬದಲಾವಣೆಯ ನಂತರವೂ ರೋಗಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವ ಪದ್ಧತಿ ನಿಮ್ಮಲ್ಲಿದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.