ಪುಟ್ಟನು ಮೈಕ್ ಹಿಡಿಯುವ ಮೊದಲು

"ಅಕ್ಕಾ, ಮದುವೆ ರಿಸೆಪ್ಷನ್ ದಿನ ನನ್ನ ಮಗ ಪುಟ್ಟನೇ ಸ್ಟೇಜ್ ಮೇಲೆ ಮಾತಾಡಬೇಕಂತೆ. ಬಂದವರಿಗೆ ಥ್ಯಾಂಕ್ಸ್ ಹೇಳಿ, ಬೀಗರು ಮಗಳನ್ನ ಬೆಳೆಸಿದ್ದನ್ನ ನಾಲ್ಕು ಮಾತಲ್ಲಿ ಹೊಗಳಬೇಕಂತೆ. ಮೂರು ದಿನದಿಂದ ಬರೀತಾನೆ, ಹರೀತಾನೆ. ಏನಾದರೂ ಎಡವಟ್ಟು ಮಾಡಿಬಿಟ್ಟರೆ ಅಂತ ನನಗೇ ಭಯ ಆಗ್ತಿದೆ. ನೀನೇ ಹೇಳು."

ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲೇ ವಾಯ್ಸ್ ಮೆಸೇಜ್ ಹಾಕುತ್ತಿದ್ದೇನೆ, ಪೂರ್ತಿ ಕೇಳಿಸಿಕೋ, ಮಧ್ಯದಲ್ಲಿ ನಿಲ್ಲಿಸಬೇಡ. ಪುಟ್ಟನನ್ನೂ ಪಕ್ಕದಲ್ಲಿ ಕೂರಿಸಿಕೋ.

ನಮ್ಮ ದೊಡ್ಡವನ ರಿಸೆಪ್ಷನ್ ನಿನಗೆ ನೆನಪಿದೆ ಅಲ್ವಾ? ನೀನು ಆವತ್ತು ಊಟದ ಹಾಲ್‌ನಲ್ಲಿ ಎಲೆ ನೋಡಿಕೊಳ್ಳುತ್ತಿದ್ದೆ, ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಯಾರಿಗೂ ನಾನು ಹೇಳಿಲ್ಲ. ಇವತ್ತು ಹೇಳುತ್ತೇನೆ.

ನನ್ನ ಸೊಸೆಗೆ ಆರು ವರ್ಷ ಇದ್ದಾಗಲೇ ಅವಳ ತಾಯಿ ಹೋದರು. ಅಪ್ಪನಿಗೆ ಎರಡು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್. ಹಾಗಾಗಿ ಮಗುವನ್ನು ಅರಸೀಕೆರೆಯಲ್ಲಿದ್ದ ಅವರ ಅಕ್ಕ ಕರೆದುಕೊಂಡು ಹೋದರು. ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಪಿಯುಸಿ ಪರೀಕ್ಷೆಗೆ ಬಸ್ಸಿನಲ್ಲಿ ಜೊತೆ ಹೋಗಿ ಕಾಲೇಜಿನ ಗೇಟ್ ಹತ್ತಿರ ಮೂರು ಗಂಟೆ ಕಾದಿದ್ದು, ಎಲ್ಲಾ ಆ ಸೋದರತ್ತೆ. ಅವರಿಗೂ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ.

ನಮ್ಮ ಹುಡುಗ ಮೈಕ್ ತೆಗೆದುಕೊಂಡ. ಚೆನ್ನಾಗಿಯೇ ಶುರು ಮಾಡಿದ. ಬಂದವರಿಗೆಲ್ಲ ನಮಸ್ಕಾರ ಹೇಳಿದ. ಆಮೇಲೆ "ಇವಳನ್ನು ಬೆಳೆಸಿದ ದೊಡ್ಡ ಜೀವ ಒಂದು ಇಲ್ಲೇ ಕೂತಿದೆ" ಅಂದ. ಆ ಅತ್ತೆ ಮೂರನೇ ಸಾಲಿನಲ್ಲಿದ್ದರು. ಸೆರಗು ಸರಿ ಮಾಡಿಕೊಂಡು, ಮುಂದಿನ ಕುರ್ಚಿ ಹಿಡಿದು ಅರ್ಧ ಎದ್ದರು. ನಾನು ಕಣ್ಣಾರೆ ನೋಡಿದೆ. ಇವನು "ನಮ್ಮ ಮಾವನವರು, ಅಪ್ಪ ಅಮ್ಮ ಎರಡೂ ಆಗಿ ಒಬ್ಬರೇ ಸಾಕಿದರು" ಅಂದುಬಿಟ್ಟ. ಇಡೀ ಹಾಲ್ ಚಪ್ಪಾಳೆ. ಮಾವ ತಲೆ ಬಗ್ಗಿಸಿದರು. ಆ ಅತ್ತೆ ಕುರ್ಚಿ ಬಿಟ್ಟು ನಿಧಾನವಾಗಿ ಕೂತರು. ಮಡಿಲಲ್ಲಿದ್ದ ಪರ್ಸ್‌ನ ಜಿಪ್ ಎಳೆದರು, ಮತ್ತೆ ಮುಚ್ಚಿದರು.

ತಪ್ಪು ನನ್ನದು. ಹೆಣ್ಣು ನೋಡಲು ಹೋದ ದಿನವೇ ನನಗೆ ಎಲ್ಲಾ ಹೇಳಿದ್ದರು. ಮಗನಿಗೆ ಒಂದು ಮಾತು ತಿಳಿಸಲಿಲ್ಲ. ಅವನಿಗೂ ಸೊಸೆಯನ್ನು ಕೇಳಬೇಕು ಅನ್ನಿಸಲಿಲ್ಲ, ಹೇಳದೇ ಇಟ್ಟು ಖುಷಿ ಕೊಡೋಣ ಅಂದುಕೊಂಡಿದ್ದ. ಮಾರನೇ ದಿನ ಮುಹೂರ್ತ ಮುಗಿದ ಮೇಲೆ ಹೋಗಿ ಕಾಲಿಗೆ ಬಿದ್ದ. "ಇರಲಿ ಬಿಡಪ್ಪ" ಅಂದರು ಅವರು. ಆದರೆ ಇವತ್ತಿಗೂ ಮದುವೆ ಸಿಡಿ ಹಾಕಿದರೆ ಆ ಭಾಗ ಬಂದಾಗ ಸೊಸೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಅದಕ್ಕೇ ಹೇಳುತ್ತಿದ್ದೇನೆ. ನಿನ್ನನ್ನು ಬೆಳೆಸಿದವರು ಯಾರ್ಯಾರು ಅಂತ ಹುಡುಗಿಯನ್ನೇ ಕೇಳದೆ ಪುಟ್ಟ ಮೈಕ್ ಮುಟ್ಟಬಾರದು. ಲಗ್ನಪತ್ರಿಕೆ ನೋಡಿ ಬರೆಯಬೇಡ ಅನ್ನು. ಧಾರೆಗೆ ಕೂರುವವರನ್ನು ನೋಡಿಯೂ ತೀರ್ಮಾನ ಮಾಡಬಾರದು. ಧಾರೆಗೆ ದಂಪತಿ ಬೇಕು ಅಂತ ನನ್ನ ಸೊಸೆಯ ಮದುವೆಯಲ್ಲಿ ಅವಳ ಚಿಕ್ಕಪ್ಪ ಚಿಕ್ಕಮ್ಮ ಕೂತಿದ್ದರು. ಅವರ ಮನೆಯಲ್ಲಿ ಅವಳು ಒಂದು ಬೇಸಿಗೆ ರಜೆಯನ್ನೂ ಕಳೆದವಳಲ್ಲ.

ಆ ಅತ್ತೆಯನ್ನು ಆರತಿಗೂ ಕರೆಯಲಿಲ್ಲ ಗೊತ್ತಾ? ಗಂಡ ಇಲ್ಲದವರು ಅಂತ. ನಾನೂ ಸುಮ್ಮನಿದ್ದೆ, ಆಗ ನನಗೆ ಅರ್ಥವಾಗಿರಲಿಲ್ಲ. ನಿಮ್ಮ ಭಾವ ಹೋದ ಮೇಲೆ ಅರ್ಥವಾಯಿತು. ಹೋದ ವರ್ಷ ನಮ್ಮದೇ ಮನೆಯ ಮದುವೆಯಲ್ಲಿ, ಯಾರು ಅಂತ ಹೇಳುವುದಿಲ್ಲ, "ನೀವು ಇಲ್ಲೇ ಕೂತಿರಿ, ಮುಂದೆ ಬರಬೇಡಿ" ಅಂದರು. ನಾನು ಎತ್ತಿ ಆಡಿಸಿದ ಮಗುವಿನ ಮದುವೆ ಅದು. ಅಕ್ಷತೆ ಕೈಯಲ್ಲೇ ಇತ್ತು. ಎಲ್ಲರೂ ಹಾಕಿದ ಮೇಲೆ ದೂರದಿಂದ ಹಾಕಿದೆ, ಅದು ಕುರ್ಚಿಗಳ ಮೇಲೆ ಬಿತ್ತು. ಈ ಗ್ರೂಪ್‌ನಲ್ಲಿ ಇರುವವರು ಎಲ್ಲರೂ ಅಲ್ಲಿದ್ದಿರಿ. ಒಬ್ಬರಾದರೂ "ಬನ್ನಿ" ಅನ್ನಬಹುದಿತ್ತು. ನೋವಾಗಿದೆ, ಹೇಳುತ್ತಿದ್ದೇನೆ. ಪುಟ್ಟನ ಮದುವೆಯಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಅಯ್ಯೋ, ಅವನು ಏನು ಹೇಳಬೇಕು ಅನ್ನೋದೇ ಬಿಟ್ಟುಹೋಯಿತು.

ನಿಮ್ಮದು ಮುಹೂರ್ತದ ಹಿಂದಿನ ಸಂಜೆ ರಿಸೆಪ್ಷನ್, ಅಲ್ವಾ? ಹಾಗಾದರೆ ಇನ್ನೂ ಧಾರೆ ಆಗಿರುವುದಿಲ್ಲ. "ನಿಮ್ಮ ಮಗಳನ್ನು ನನಗೆ ಕೊಟ್ಟಿದ್ದೀರಿ" ಅನ್ನುವ ಮಾತು ಆ ಸಂಜೆ ಬೇಡ. "ಇನ್ನು ಮೇಲೆ ಅವಳು ನಮ್ಮ ಮನೆಯವಳು" ಅನ್ನುವುದು ಯಾವತ್ತೂ ಬೇಡ. ಮಾರನೇ ದಿನ ಹೆಣ್ಣೊಪ್ಪಿಸುವಾಗ ಆ ತಾಯಿ ಹೇಗೂ ಅಳುತ್ತಾರೆ, ಹಿಂದಿನ ದಿನವೇ ಮೈಕ್‌ನಲ್ಲಿ ಅದನ್ನು ನೆನಪಿಸಬಾರದು. ಇನ್ನೊಂದು, ಛತ್ರದ ಖರ್ಚು ಬೀಗರದ್ದು. ನಮ್ಮ ಹುಡುಗ ತಾನೇ ಕರೆದವನ ಹಾಗೆ "ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದೀರಿ" ಅಂದರೆ ಚೆನ್ನಾಗಿರಲ್ಲ. "ಎರಡೂ ಮನೆಯವರ ಪರವಾಗಿ" ಅಂತ ಶುರು ಮಾಡಲಿ.

ಬಂದವರಲ್ಲಿ ಒಬ್ಬೊಬ್ಬರ ಹೆಸರು ಹೇಳಲು ಹೋಗಬಾರದು. ಒಂದು ಹೆಸರು ಬಿಟ್ಟುಹೋದರೂ ಆ ಮನೆಯವರು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ದೂರದಿಂದ ಬಂದವರು, ವಯಸ್ಸಾದವರು, ಬೆಳಿಗ್ಗೆಯಿಂದ ಒಲೆ ಮುಂದೆ ನಿಂತ ಅಡುಗೆಯವರು, ಇಷ್ಟು ಸಾಕು.

ಬೀಗರನ್ನು ಹೊಗಳುವಾಗ "ಒಳ್ಳೆ ಸಂಸ್ಕಾರ ಕೊಟ್ಟಿದ್ದೀರಿ" ಅಂತ ಒಂದೇ ಮಾತಲ್ಲಿ ಮುಗಿಸಬಾರದು. ಎಲ್ಲರೂ ಅದನ್ನೇ ಅನ್ನುತ್ತಾರೆ. ಹುಡುಗಿಯಲ್ಲಿ ತಾನು ನೋಡಿದ ಒಂದು ಗುಣ ಹೇಳಲಿ, ಅದು ಅವಳ ಮನೆಯಲ್ಲಿ ಎಲ್ಲಿ ಕಂಡಿತು ಅಂತಲೂ ಹೇಳಲಿ. ಪುಟ್ಟನೇ ನನಗೆ ಹೇಳಿದ್ದ, ಅವಳು ವಾಚ್‌ಮನ್‌ನಿಂದ ಹಿಡಿದು ಎಲ್ಲರನ್ನೂ 'ನೀವು' ಅಂತಲೇ ಮಾತಾಡಿಸುತ್ತಾಳೆ ಅಂತ. ಅದನ್ನೇ ಹೇಳಲಿ. "ಇವಳು ಯಾರನ್ನೂ ಏಕವಚನದಲ್ಲಿ ಕರೆಯುವುದನ್ನು ನಾನು ಕೇಳಿಲ್ಲ. ಯಾಕೆ ಅಂತ ಇವಳ ಮನೆಗೆ ಹೋದಾಗ ತಿಳಿಯಿತು. ಹಾಲು ಹಾಕಲು ಬಂದವರಿಗೆ ಮಾವನವರು 'ಬನ್ನಿ, ಕೂತ್ಕೊಳ್ಳಿ' ಅಂದರು, ಅತ್ತೆ ಒಳಗಿನಿಂದ ಕಾಫಿ ತಂದರು." ಅಷ್ಟೇ. ಅದರ ಮೇಲೆ ಇನ್ನೊಂದು ಹೊಗಳಿಕೆ ಸೇರಿಸಬಾರದು. ಒಂದು ಕ್ಷಣ ನಿಂತು, ಅವರ ಕಡೆ ತಿರುಗಿ ಕೈಮುಗಿಯಲಿ.

ಆಮೇಲೆ ಹುಡುಗಿ ಹೇಳಿದ ಹೆಸರು. ಅಜ್ಜಿಯೋ, ಅಣ್ಣನೋ, ಪಕ್ಕದ ಮನೆ ಟೀಚರೋ, ಯಾರೇ ಇರಲಿ. ಅವರು ಎಲ್ಲಿ ಕೂತಿದ್ದಾರೆ ಅಂತ ಮೊದಲೇ ನೋಡಿಕೊಂಡಿರಲಿ. ನಿನಗೂ ನಿನ್ನ ಗಂಡನಿಗೂ ಒಂದು ಸಾಲು. ಕೊನೆಗೆ "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು" ಅಂತ ಮುಗಿಸಲಿ. ಒಟ್ಟು ಮೂರು ನಿಮಿಷ. ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದು ಜೇಬಿನಲ್ಲಿಡಲಿ. ಮೊಬೈಲ್ ನೋಡಿ ಓದಿದರೆ ಮೆಸೇಜ್ ನೋಡಿದ ಹಾಗೆ ಕಾಣುತ್ತದೆ.

ಮುಯ್ಯಿ ಕೊಡುವವರು ಸಾಲು ನಿಂತ ಮೇಲೆ ಯಾರೂ ಕೇಳುವುದಿಲ್ಲ, ಫೋಟೋದವರು ಮುಂದೆ ನಿಂತುಬಿಡುತ್ತಾರೆ. ಇಬ್ಬರೂ ಸ್ಟೇಜ್ ಹತ್ತಿದ ತಕ್ಷಣ, ಸಾಲು ಶುರುವಾಗುವ ಮೊದಲೇ ಮಾತು ಮುಗಿಯಬೇಕು. ಆರ್ಕೆಸ್ಟ್ರಾದವರಿಗೆ ಮೂರು ನಿಮಿಷ ನಿಲ್ಲಿಸಿ ಅಂತ ಮೊದಲೇ ಹೇಳಿಡು.

ಮತ್ತೆ ಹೇಳುತ್ತೇನೆ, ಹುಡುಗಿಯನ್ನು ಕೇಳದೆ ಮೈಕ್ ಮುಟ್ಟಬಾರದು. ಈಗ ಎಂಟೂವರೆ, ಅವಳು ಆಫೀಸಿನಿಂದ ಬಂದಿರುತ್ತಾಳೆ. ಈಗಲೇ ಫೋನ್ ಮಾಡಿಸು. ಅವಳು ಯಾರ ಹೆಸರು ಹೇಳಿದಳು ಅಂತ ನನಗೂ ತಿಳಿಸು, ಅವರ ಪಕ್ಕದಲ್ಲಿ ನಾನು ಕೂರುತ್ತೇನೆ.