ಷುಗರ್ ಇರುವವರ ಆಪರೇಷನ್: ಯಾವ ಮದ್ದು ಯಾವಾಗ ನಿಲ್ಲಿಸಿದಿರಿ?

ಬದಿಯಡ್ಕದಿಂದ: ಅಮ್ಮನಿಗೆ ಬರುವ ಗುರುವಾರ ಮಂಗಳೂರಿನಲ್ಲಿ ಪಿತ್ತಕೋಶದ ಆಪರೇಷನ್. ರಾತ್ರಿ 20 ಯೂನಿಟ್ ಗ್ಲಾರ್ಜಿನ್, ಬೆಳಿಗ್ಗೆ ಗ್ಲಿಮೆಪಿರೈಡ್, ಜೊತೆಗೆ ಡಾಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂದರು, ಅಷ್ಟೇ. ಅನುಭವ ಇದ್ದವರು ಹೇಳಿ.

ಉಪ್ಪಳದಿಂದ: ಊಟವೇ ಇಲ್ಲ ಅಂದ ಮೇಲೆ ಮದ್ದು ಯಾಕೆ? ಹಿಂದಿನ ರಾತ್ರಿಯಿಂದ ಇನ್ಸುಲಿನ್, ಮಾತ್ರೆ ಎಲ್ಲ ನಿಲ್ಲಿಸಿ. ನಮ್ಮ ಭಾವನಿಗೆ ಹಾಗೇ ಮಾಡಿದ್ದು.

ಪೆರ್ಲದಿಂದ: ನನಗೆ ಕಣ್ಣಿನ ಪೊರೆ ತೆಗೆದಾಗ ಗಂಜಿ ಉಂಡೇ ಹೋಗಿದ್ದೆ. ಯಾರೂ ಏನೂ ಹೇಳಲಿಲ್ಲ!

ಕುಂಬಳೆಯಿಂದ (ಆಪರೇಷನ್ ಥಿಯೇಟರ್ ನರ್ಸ್): ಅಣ್ಣಾ, ಕಣ್ಣಿಗೆ ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ. ಇಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ, ಲೆಕ್ಕ ಬೇರೆ.

ಬದಿಯಡ್ಕದವರೇ, ಮೊದಲು ನೋಡಬೇಕಾದದ್ದು ಆ ಜೋಡಿ ಮಾತ್ರೆ. ಡಾಪಾಗ್ಲಿಫ್ಲೋಜಿನ್ ಹಿಂದಿನ ದಿನ ಬಿಟ್ಟರೆ ಸಾಲದು, ಕನಿಷ್ಠ ಮೂರು ದಿನ ಮೊದಲೇ ನಿಲ್ಲಬೇಕು. ಗುರುವಾರ ಆಪರೇಷನ್ ಆದರೆ ಭಾನುವಾರದ್ದೇ ಕೊನೆ. ಉಪವಾಸದ ಹೊತ್ತಿಗೆ ಅದು ಮೈಯಲ್ಲಿದ್ದರೆ ರಕ್ತದಲ್ಲಿ ಕೀಟೋನ್ ಏರಿ ಆಮ್ಲ ತುಂಬಬಹುದು. ಮೋಸ ಏನಂದ್ರೆ, ಆಗ ಮೀಟರಿನಲ್ಲಿ ಸಕ್ಕರೆ 160 ಅಂತ ಸುಮ್ನೆ ಚೆನ್ನಾಗಿಯೇ ಕಾಣಬಹುದು. ಆಪರೇಷನ್ ಆದ ಮೇಲೆ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಯಾಸ್ ಅಂತ ಬಿಡಬೇಡಿ, ರಕ್ತದ ಕೀಟೋನ್ ನೋಡಲು ಹೇಳಿ. ಆ ಮಾತ್ರೆ ಬಿಟ್ಟರೆ ಮೆಟ್‌ಫಾರ್ಮಿನ್ ಕೂಡ ತಪ್ಪಿಹೋಗುತ್ತದೆ, ಅಲ್ವಾ? ಬುಧವಾರದವರೆಗೆ ಅದನ್ನು ಬೇರೆಯಾಗಿ ಬರೆಸಿಕೊಳ್ಳಿ. ಗುರುವಾರ ಬೆಳಿಗ್ಗೆ ಅದೂ ಬೇಡ, ಗ್ಲಿಮೆಪಿರೈಡ್ ಕೂಡ ಬೇಡ.

ಗ್ಲಾರ್ಜಿನ್ ಮಾತ್ರ ಪೂರ್ತಿ ನಿಲ್ಲಿಸಬಾರದು. ಉಪ್ಪಳದವರು ಮಾತ್ರೆಯ ಬಗ್ಗೆ ಹೇಳಿದ್ದರಲ್ಲಿ ಅರ್ಧ ಸರಿ. ಈ ಇನ್ಸುಲಿನ್ ಊಟಕ್ಕಲ್ಲ, ಹಸಿದಿದ್ದಾಗಲೂ ಲಿವರ್ ಬಿಡುವ ಸಕ್ಕರೆಗೆ. ಸಾಮಾನ್ಯವಾಗಿ ಬುಧವಾರ ರಾತ್ರಿ ಕಾಲು ಭಾಗದಷ್ಟು ಕಡಿಮೆ ಮಾಡಿಸುತ್ತಾರೆ, ಅಂದರೆ ಸುಮಾರು 15. ಎಷ್ಟು ಅಂತ ಅರಿವಳಿಕೆ ಡಾಕ್ಟರ ಬಾಯಿಂದಲೇ ಕೇಳಿಕೊಳ್ಳಿ.

ಬದಿಯಡ್ಕದಿಂದ: ದಾರಿಯಲ್ಲಿ ಸಕ್ಕರೆ ಇಳಿದರೆ? ತಲಪಾಡಿ ಟೋಲಿನಲ್ಲೇ ಅರ್ಧ ಗಂಟೆ ಹೋಗುತ್ತದೆ.

ಕುಂಬಳೆಯಿಂದ: ಮೀಟರ್, ಗ್ಲೂಕೋಸ್ ಪುಡಿ ಬ್ಯಾಗಿನಲ್ಲಿರಲಿ. 70ಕ್ಕಿಂತ ಕೆಳಗಾದರೆ ಅದನ್ನು ನೀರಿಗೆ ಕಲಸಿ ಕೊಡಿ. ಹಾಲು ಹಾಕಿದ ಚಾ ಬೇಡ, ಅದಕ್ಕೆ ಆರು ಗಂಟೆ ಅಂತರ ಬೇಕು. ಬರೀ ನೀರಾದರೆ ಎರಡು ಗಂಟೆ ಸಾಕು. ಹೋದ ತಕ್ಷಣ ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಹೇಳಿ. ಥಿಯೇಟರಿಗೆ ಹೋಗುವಾಗ 100ರಿಂದ 180ರ ಒಳಗಿದ್ದರೆ ನಮಗೆ ನೆಮ್ಮದಿ. ಪಟ್ಟಿಯಲ್ಲಿ ಮೊದಲ ಕೇಸು ಮಾಡಿಸಲು ಕೇಳಿ ನೋಡಿ.

ಉಪ್ಪಳದಿಂದ: ಭಾವನಿಗೆ ಅವತ್ತು 290 ಇತ್ತು, ಮಧ್ಯಾಹ್ನದವರೆಗೆ ಕೂರಿಸಿದ್ದರು. ಈಗ ಗೊತ್ತಾಯ್ತು ಯಾಕೆ ಅಂತ.

ಬದಿಯಡ್ಕದಿಂದ: ಫೋನ್ ಮಾಡಿದೆ. ಜೋಡಿ ಮಾತ್ರೆ ಭಾನುವಾರಕ್ಕೇ ಕೊನೆ, ಗ್ಲಾರ್ಜಿನ್ 16 ಅಂದರು. ಆದರೆ ಮೂರು ತಿಂಗಳ ಸರಾಸರಿ ಟೆಸ್ಟ್ 8.4 ಬಂದಿದೆ. ಮುಂದೂಡಬೇಕಾ ಅಂತ ಸರ್ಜನ್ ಸೋಮವಾರ ಹೇಳುತ್ತಾರಂತೆ.