ಪದಚರ್ಚೆ: ಚೆಕ್ ‘ಅಮಾನ್ಯ’ವೋ, ‘ಅನಾದರ’ವೋ, ಬರೀ ‘ವಾಪಸ್ಸೋ’?

ಗಿರೀಶ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಒಬ್ಬ ವ್ಯಾಪಾರಿಗೆ ಒಣಮೆಣಸಿನಕಾಯಿ ಕೊಟ್ಟಿದ್ದರು. ಒಟ್ಟು 3,10,000 ರೂಪಾಯಿ ಬರಬೇಕು. ಅದರಲ್ಲಿ 2,40,000ಕ್ಕೆ ಅವರು ಚೆಕ್ ಬರೆದುಕೊಟ್ಟರು. ಚೆಕ್ಕಿನ ಮೇಲೆ ಜನವರಿ 5ರ ತಾರೀಖಿದೆ. ಫೆಬ್ರವರಿ 10ಕ್ಕೆ ಬ್ಯಾಂಕಿಗೆ ಹಾಕಿದೆವು, 12ಕ್ಕೆ ವಾಪಸ್ ಬಂತು. ಅವತ್ತೇ ಫೋನಿಗೆ ಮೆಸೇಜೂ ಬಂತು. ಬ್ಯಾಂಕಿನ ಮೆಮೊದಲ್ಲಿ ‘ಫಂಡ್ಸ್ ಇನ್‌ಸಫಿಶಿಯೆಂಟ್’ ಅಂತ ಇದೆ.

ಆ ವ್ಯಾಪಾರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಹಾಗಾಗಿ ಲೀಗಲ್ ನೋಟಿಸನ್ನು ಕನ್ನಡದಲ್ಲೇ ತಯಾರು ಮಾಡಿ, ಆಮೇಲೆ ವಕೀಲರಿಗೆ ತೋರಿಸೋಣ ಅಂತಿದ್ದೇನೆ. ಆದರೆ ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ. ಪೇಪರಿನಲ್ಲಿ ‘ಚೆಕ್ ಅಮಾನ್ಯ’ ಅಂತ ಬರೆಯುತ್ತಾರೆ. ಕೆಲವು ಕಡೆ ‘ಅನಾದರ’ ಅಂತ ಓದಿದ್ದೇನೆ. ನಮ್ಮ ಬಾಯಲ್ಲಿ ಬರುವುದು ‘ಬೌನ್ಸ್’ ಇಲ್ಲವೇ ‘ವಾಪಸ್’. ಯಾವುದು ಸರಿ? ನಾನು ಬರೆದ ಸಾಲು ಹೀಗಿದೆ:

‘ತಾವು ನೀಡಿದ ಚೆಕ್ ಅಮಾನ್ಯವಾಗಿರುವುದರಿಂದ, ತಮ್ಮಿಂದ ಬರಬೇಕಾದ ಎಲ್ಲಾ ಬಾಕಿಯನ್ನು ಬಡ್ಡಿಸಮೇತ ಕೂಡಲೇ ಪಾವತಿಸಬೇಕು.’

ವಾಮನ ರಾವ್, ಉಡುಪಿ

ಗಿರೀಶರೇ, ‘ಅಮಾನ್ಯ’ ಖಂಡಿತ ಬೇಡ. 2016ರಲ್ಲಿ ನೋಟು ಅಮಾನ್ಯವಾಯಿತು. ಅಂದರೆ ಆ ಕಾಗದಕ್ಕೇ ಬೆಲೆ ಹೋಯಿತು. ನಿಮ್ಮ ಚೆಕ್ ಹಾಗಲ್ಲವಲ್ಲ? ಚೆಕ್ ಸರಿಯಾಗಿಯೇ ಇದೆ, ಇಲ್ಲದಿರುವುದು ಖಾತೆಯಲ್ಲಿ ದುಡ್ಡು. ತಾರೀಖಿನಿಂದ ಮೂರು ತಿಂಗಳು ದಾಟಿದ ಚೆಕ್ ಇದೆಯಲ್ಲ, ಅದು ನಿಜವಾದ ಅಮಾನ್ಯ ಚೆಕ್. ಅಂಥದ್ದನ್ನು ಬ್ಯಾಂಕಿಗೆ ಹಾಕಿ ವಾಪಸ್ ಬಂದರೆ, ಚೆಕ್ ಬೌನ್ಸಿಗೆ ಹಾಕುವ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೇಸೇ ಹಾಕಲಾಗುವುದಿಲ್ಲ. ನೀವೇ ‘ಅಮಾನ್ಯ’ ಅಂತ ಬರೆದುಕೊಟ್ಟರೆ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ‘ಅನಾದರಗೊಂಡಿದೆ’ ಅಂತ ಬರೆಯಿರಿ.

ಶಾರದಾ, ಧಾರವಾಡ

ಮೂರು ತಿಂಗಳ ಮಾತನ್ನು ವಾಮನ ರಾಯರು ಸರಿಯಾಗಿ ಹೇಳಿದ್ದಾರೆ. 2012ರ ಏಪ್ರಿಲ್‌ಗೆ ಮುಂಚೆ ಆರು ತಿಂಗಳಿತ್ತು, ಈಗ ಮೂರೇ. ಆದರೆ ‘ಅಮಾನ್ಯ’ ಅಂತ ಬರೆದ ಕಾರಣಕ್ಕೆ ಕೇಸು ಬಿದ್ದುಹೋಗುವುದಿಲ್ಲ. ನೋಟಿಸಿಗೆ ಕಾಯ್ದೆಯಲ್ಲಿ ಇಂಥದ್ದೇ ನಮೂನೆ ಅಂತಿಲ್ಲ, ಬರಹದಲ್ಲಿರಬೇಕು ಅಷ್ಟೇ. ಚೆಕ್ ನಂಬರು, ತಾರೀಖು, ಬ್ಯಾಂಕು, ವಾಪಸ್ ಬಂದ ಕಾರಣ ಎಲ್ಲ ಬರೆದ ಮೇಲೆ ಏನಾಯಿತು ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಕಡೆ ಕೋರ್ಟಿನ ಕನ್ನಡ ಕಾಗದಗಳಲ್ಲಿ ‘ಅಮಾನ್ಯ’ ಧಾರಾಳವಾಗಿ ಓಡಾಡುತ್ತದೆ. ‘ಅನಾದರ’ ಓದಿದರೆ ನನಗೆ ಮಾತ್ರ ಚೆಕ್ಕನ್ನು ಮದುವೆ ಮನೆಯಲ್ಲಿ ಊಟಕ್ಕೆ ಕರೆಯದೆ ಕಳಿಸಿದ ಹಾಗನ್ನಿಸುತ್ತದೆ.

ಗಿರೀಶ್, ನಿಮ್ಮ ಸಾಲಿನಲ್ಲಿ ನಿಜವಾಗಿ ಹೆದರಬೇಕಾದ ಪದ ‘ಅಮಾನ್ಯ’ ಅಲ್ಲ, ‘ಎಲ್ಲಾ ಬಾಕಿ’. ಕಾಯ್ದೆ ಕೇಳಿ ಅನ್ನುವುದು ‘ಆ ಚೆಕ್ಕಿನ ಮೊತ್ತ’ವನ್ನು. ನೀವು 3,10,000 ಕೊಡಿ ಅಂತ ಒಟ್ಟಾಗಿ ಕೇಳಿ, ಚೆಕ್ಕಿನ 2,40,000ವನ್ನು ಬೇರೆಯಾಗಿ ಹೇಳದಿದ್ದರೆ ನೋಟಿಸೇ ನಿಲ್ಲುವುದಿಲ್ಲ. ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬಹಳ ಬಿಗಿ. ಮೊತ್ತವನ್ನು ಟೈಪ್ ಮಾಡುವಾಗ ತಪ್ಪಾಯಿತು ಅಂದರೂ ಒಪ್ಪಿಲ್ಲ. ಬಡ್ಡಿ, ನೋಟಿಸ್ ಖರ್ಚು ಕೇಳಬಾರದು ಅಂತಲ್ಲ, ಬೇರೆ ಸಾಲಿನಲ್ಲಿ ಬೇರೆಯಾಗಿ ಕೇಳಿ. ‘ಕೂಡಲೇ’ ತೆಗೆದು ಹದಿನೈದು ದಿನ ಅಂತ ಸ್ಪಷ್ಟವಾಗಿ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಸದರಿ ಚೆಕ್ಕನ್ನು ನಮ್ಮ ಕಕ್ಷಿದಾರರು ನಗದೀಕರಣಕ್ಕೆ ಹಾಜರುಪಡಿಸಿದಾಗ, ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ ಷರಾದೊಂದಿಗೆ ದಿನಾಂಕ 12ರಂದು ಅಮಾನ್ಯಗೊಂಡು ವಾಪಸ್ಸಾಗಿರುತ್ತದೆ. ಈ ನೋಟಿಸ್ ತಲುಪಿದ ಹದಿನೈದು ದಿನಗಳೊಳಗೆ ಚೆಕ್ಕಿನ ಮೊತ್ತ ರೂ. 2,40,000ವನ್ನು ಪಾವತಿಸತಕ್ಕದ್ದು.’

ಉಳಿದ 70,000ಕ್ಕೆ ದಾರಿ ಬೇರೆ. ಅದನ್ನು ಇದರೊಳಗೆ ಕಲಸಬೇಡಿ.

ರುಕ್ಮಿಣಿ, ಮೈಸೂರು

ಶಾರದಾ ಮೇಡಂ ‘ಷರಾ’ ಅಂದಿದ್ದು ಓದಿ ಖುಷಿಯಾಯಿತು. ನಾನು ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಕೆಲಸ ಮಾಡಿದವಳು. ನೋಟಿಸಿನಲ್ಲಿ ಎಲ್ಲರೂ ‘ಹಣವಿಲ್ಲದೆ’ ಅಂತ ಸುಮ್ನೆ ಬರೆದುಬಿಡುತ್ತಾರೆ. ಆದರೆ ಮೆಮೊದಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ಖಾತೆಯಲ್ಲಿ ದುಡ್ಡು ಕಡಿಮೆ ಇರುವುದು ಒಂದು. ಓವರ್‌ಡ್ರಾಫ್ಟ್ ಖಾತೆಯಾದರೆ ‘ಎಕ್ಸೀಡ್ಸ್ ಅರೇಂಜ್‌ಮೆಂಟ್’, ಅಂದರೆ ಬ್ಯಾಂಕು ಒಪ್ಪಿದ ಮಿತಿ ಮೀರಿದೆ ಅಂತ ಬರುತ್ತದೆ. ಚೆಕ್ ಕೊಟ್ಟವರೇ ‘ಪಾವತಿ ನಿಲ್ಲಿಸಿ’ ಅಂತ ಬ್ಯಾಂಕಿಗೆ ಹೇಳಿರಬಹುದು. ಖಾತೆಯನ್ನೇ ಮುಚ್ಚಿರಬಹುದು. ಸಹಿ ತಾಳೆಯಾಗದೆ ಇರಬಹುದು. ‘ರೆಫರ್ ಟು ಡ್ರಾಯರ್’ ಅಂತಲೂ ಬರುತ್ತದೆ. ಅದರರ್ಥ ಚೆಕ್ ಬರೆದವರನ್ನೇ ಕೇಳಿ ಅಂತ, ಬ್ಯಾಂಕು ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಷರದಲ್ಲಿ ಒಂದು, ಅಂಕಿಯಲ್ಲಿ ಇನ್ನೊಂದು ಬರೆದ ಚೆಕ್ಕುಗಳನ್ನೂ ಬೇಕಾದಷ್ಟು ವಾಪಸ್ ಕಳಿಸಿದ್ದೇವೆ. ಅದು ಬರೆದವರ ಅವಸರ, ಮೋಸ ಅಂತ ಹೇಳಲಾಗದು.

ಇನ್ನೊಂದು ಪದದ ಗೊಂದಲವಿದೆ. ಎಲ್ಲದಕ್ಕೂ ಜನ ‘ಫೈನ್’ ಅನ್ನುತ್ತಾರೆ. ಬ್ಯಾಂಕು ಹಿಡಿದುಕೊಳ್ಳುವುದು ಶುಲ್ಕ. ಬರೆದವರ ಖಾತೆಯಿಂದ ಜಾಸ್ತಿ ಹೋಗುತ್ತದೆ. ಆದರೆ ಏನೂ ತಪ್ಪು ಮಾಡದ, ಚೆಕ್ ಹಾಕಿದವರ ಖಾತೆಯಿಂದಲೂ ಸ್ವಲ್ಪ ಹೋಗುತ್ತದೆ. ಅದಕ್ಕೆ ಕೌಂಟರಿನಲ್ಲಿ ನಾವು ಬೈಸಿಕೊಂಡಿದ್ದೇನು ಕಡಿಮೆಯಾ! ಅದು ದಂಡವಲ್ಲ, ದಂಡ ಹಾಕುವುದು ಕೋರ್ಟು.

ನಾಗರಾಜ, ತುಮಕೂರು

ನನ್ನ ಕತೆ ಕೇಳಿ. ಒಂದು ಫೈನಾನ್ಸಿನವರು ಸಾಲ ಕೊಡುವಾಗ ಸಹಿ ಮಾಡಿದ ಖಾಲಿ ಚೆಕ್ ಇಸ್ಕೊಂಡಿದ್ದರು. ಸೆಕ್ಯೂರಿಟಿಗೆ ಅಂದಿದ್ದರು. ಈಗ ಅವರೇ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದ್ದಾರೆ. ಪೋಸ್ಟ್‌ಮ್ಯಾನ್ ನೋಟಿಸ್ ತಂದಾಗ ನಾನು ತಗೊಳ್ಳಲಿಲ್ಲ. ನನ್ನ ಸ್ನೇಹಿತರೊಬ್ಬರು ‘ತಗೊಳ್ಳದಿದ್ದರೆ ಹದಿನೈದು ದಿನ ಶುರುವೇ ಆಗಲ್ಲ’ ಅಂದರು. ಸೆಕ್ಯೂರಿಟಿ ಚೆಕ್ಕಿಗೆ ಕೇಸೂ ಇಲ್ಲವಂತೆ. ಇದಕ್ಕೆ ಕನ್ನಡದಲ್ಲಿ ‘ಭದ್ರತಾ ಚೆಕ್’ ಅನ್ನಬಹುದಾ?

ಶಾರದಾ, ಧಾರವಾಡ

ನಾಗರಾಜ್, ‘ಭದ್ರತೆಗಾಗಿ ಕೊಟ್ಟ ಚೆಕ್’ ಅಂತ ಬರೆಯುತ್ತೇವೆ. ಹೆಸರು ಏನೇ ಇರಲಿ, ನಿಮ್ಮ ಸ್ನೇಹಿತರ ಮಾತು ನಂಬಿ ಕೂರಬೇಡಿ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ‘ಪಡೆಯಲು ನಿರಾಕರಿಸಿದ್ದಾರೆ’ ಅನ್ನುವ ಷರಾದೊಂದಿಗೆ ಅಂಚೆಯವರು ವಾಪಸ್ ಕಳಿಸಿದರೆ, ಅದು ನಿಮಗೆ ತಲುಪಿದೆ ಅಂತಲೇ ಕೋರ್ಟ್ ಭಾವಿಸುತ್ತದೆ. ಹದಿನೈದು ದಿನ ಓಡುತ್ತಲೇ ಇರುತ್ತದೆ.

ಸೆಕ್ಯೂರಿಟಿ ಚೆಕ್ಕಿನದು ಅಷ್ಟು ಸುಲಭದ ಪ್ರಶ್ನೆಯಲ್ಲ. ಚೆಕ್ ಬ್ಯಾಂಕಿಗೆ ಹಾಕಿದ ದಿನ ಅಷ್ಟು ಸಾಲ ನಿಜವಾಗಿ ಬಾಕಿ ಇತ್ತಾ ಅನ್ನುವುದರ ಮೇಲೆ ನಿಂತಿದೆ. ಸಹಿ ನಿಮ್ಮದು ಅಂತ ಒಪ್ಪಿದ ಮೇಲೆ, ಸಾಲಕ್ಕಾಗಿಯೇ ಕೊಟ್ಟ ಚೆಕ್ ಅಂತ ಕಾನೂನು ಮೊದಲೇ ಅಂದುಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ಕಟ್ಟಿದ ಕಂತಿನ ರಸೀದಿಗಳಿದ್ದರೆ ಹುಡುಕಿಡಿ, ವಕೀಲರ ಮೂಲಕ ಉತ್ತರ ಕಳಿಸಿ. ನೋಟಿಸಿಗೆ ಉತ್ತರವನ್ನೇ ಕೊಡದೆ ಮುಂದೆ ಕೋರ್ಟಿನಲ್ಲಿ ಹೊಸದಾಗಿ ಹೇಳಿದರೆ ನಂಬಿಸುವುದು ಕಷ್ಟ.

ವಾಮನ ರಾವ್, ಉಡುಪಿ

ಕೋರ್ಟಿನಲ್ಲಿ ‘ಅಮಾನ್ಯ’ ಓಡುತ್ತದೆ ಅಂದಮಾತ್ರಕ್ಕೆ ಅದು ಸರಿಯಾದ ಪದವಾಗುವುದಿಲ್ಲ, ಶಾರದಾ ಅವರೇ. ಬೇಡವೆಂದರೆ ‘ನಗದಾಗದೆ ಹಿಂತಿರುಗಿದೆ’ ಅನ್ನಿ. ಅದು ಹಳ್ಳಿಯವರಿಗೂ ತಿಳಿಯುತ್ತದೆ. ಅಂದಹಾಗೆ, ಇದು ಕ್ರಿಮಿನಲ್ ಕೇಸು ಅಲ್ವಾ? ಗಿರೀಶರು ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕಲ್ಲವೇ?

ಶಾರದಾ, ಧಾರವಾಡ

‘ನಗದಾಗದೆ ಹಿಂತಿರುಗಿದೆ’ ಚೆನ್ನಾಗಿದೆ, ನನ್ನ ಮುಂದಿನ ನೋಟಿಸಿಗೆ ಎತ್ತಿಕೊಳ್ಳುತ್ತೇನೆ.

ಪೊಲೀಸರ ಕೆಲಸ ಇಲ್ಲಿಲ್ಲ. ಚೆಕ್ ಪಡೆದವರೇ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಲಿಖಿತ ಫಿರ್ಯಾದು ಕೊಡಬೇಕು. ಗಿರೀಶ್ ಅವರ ಭಾವನ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. 2015ರ ತಿದ್ದುಪಡಿ ಆದ ಮೇಲೆ ಚೆಕ್ ಕೊಟ್ಟವರ ಊರಿಗೆ ಅಲೆಯುವುದು ತಪ್ಪಿದೆ.

ದಿನಗಳ ಲೆಕ್ಕ ಹೀಗೆ. ಚೆಕ್ ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ತಿಳಿದ ಮೇಲೆ 30 ದಿನದೊಳಗೆ ನೋಟಿಸ್ ಹೋಗಬೇಕು. ಮೆಮೊ ಕೈಗೆ ಬಂದದ್ದು ಯಾವತ್ತು ಅಂತ ವಾದ ಮಾಡುವ ಬದಲು, ಮೆಸೇಜ್ ಬಂದ ಫೆಬ್ರವರಿ 12ರಿಂದಲೇ ಎಣಿಸಿ. ಮಾರ್ಚ್ 14 ಕೊನೆ. ಮಾರ್ಚ್ 7ಕ್ಕೆ ನೋಟಿಸ್ ಅವರ ಕೈಗೆ ಸಿಕ್ಕಿತು ಅನ್ನಿ, ಮಾರ್ಚ್ 22ರವರೆಗೆ ಅವರಿಗೆ ಕಾಲಾವಕಾಶ. ಅಷ್ಟರಲ್ಲಿ ಫಿರ್ಯಾದು ಹಾಕಿದರೆ ಅವಸರದ ಫಿರ್ಯಾದು ಅಂತ ವಜಾ ಆಗುತ್ತದೆ. ಅಲ್ಲಿಂದ ಮುಂದೆ ಒಂದು ತಿಂಗಳು ನಿಮ್ಮದು, ಏಪ್ರಿಲ್ 22ರೊಳಗೆ ಹಾಕಿಬಿಡಿ. ಅಂಚೆ ರಸೀದಿ, ತಲುಪಿದ್ದಕ್ಕೆ ಪುರಾವೆ, ಮೆಮೊ, ಅಸಲು ಚೆಕ್, ಇಷ್ಟನ್ನೂ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಇಲ್ಲಿ ದಂಡ 4,80,000ದವರೆಗೆ ಹೋಗಬಹುದು. ರುಕ್ಮಿಣಿ ಅಮ್ಮ ಹೇಳಿದ್ದಕ್ಕೆ ಮೂರನೆಯ ಪದ ಸೇರಿಸುತ್ತೇನೆ, ‘ಪರಿಹಾರ’. ದಂಡ ಸರ್ಕಾರಕ್ಕೆ ಸೇರಿದ್ದು. ಆದರೆ ಕೋರ್ಟು ಸಾಮಾನ್ಯವಾಗಿ ಅದರ ದೊಡ್ಡ ಪಾಲನ್ನು ಫಿರ್ಯಾದುದಾರರಿಗೆ ಪರಿಹಾರವಾಗಿ ಕೊಡಿಸುತ್ತದೆ. ಕೇಸು ನಡೆಯುವಾಗಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ 2018ರಿಂದ ಇದೆ. ಕೇಳಿದ ತಕ್ಷಣ ಸಿಗುತ್ತದೆ ಅಂತೇನಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಕೇಸುಗಳು ಮಧ್ಯದಲ್ಲೇ ರಾಜಿಯಾಗುತ್ತವೆ.

ಗಿರೀಶ, ಹಾವೇರಿ

ಎಲ್ಲರಿಗೂ ಧನ್ಯವಾದ. ‘ನಗದಾಗದೆ’ ಅಂತಲೇ ಬರೆಯುತ್ತೇನೆ, ಷರಾವನ್ನೂ ಸೇರಿಸುತ್ತೇನೆ. ಒಂದು ವಿಷಯ ಬರೆಯುವುದು ಉಳಿದಿತ್ತು. ಜನವರಿ 20ಕ್ಕೆ ಆ ವ್ಯಾಪಾರಿ ಭಾವನ ಫೋನಿಗೆ 40,000 ಹಾಕಿದ್ದಾರೆ. ಅದನ್ನು ನೋಟಿಸಿನಲ್ಲಿ ಹೇಳಬೇಕಾ?

ಶಾರದಾ, ಧಾರವಾಡ

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತಲ್ರೀ! ಚೆಕ್ಕಿನ ತಾರೀಖಾದ ಮೇಲೆ, ಬ್ಯಾಂಕಿಗೆ ಹಾಕುವ ಮೊದಲು ಬಂದ ದುಡ್ಡು ಅದು. ಆ 40,000 ಚೆಕ್ಕಿನ ಸಾಲಕ್ಕೇ ಬಂದದ್ದಾದರೆ, ಬ್ಯಾಂಕಿಗೆ ಹಾಕಿದ ದಿನ ಬಾಕಿ ಇದ್ದದ್ದು 2,00,000 ಮಾತ್ರ. ಹೀಗೆ ಸ್ವಲ್ಪ ಹಣ ಬಂದಮೇಲೆ ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ನಿಲ್ಲುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೆಕ್ಕಿನ ಹೊರಗಿನ 70,000ಕ್ಕೆ ಬಂದದ್ದಾದರೆ ನಿಮ್ಮ ಕೇಸಿಗೆ ಏನೂ ಆಗುವುದಿಲ್ಲ. ಭಾವನ ಖಾತೆ ಪುಸ್ತಕದಲ್ಲಿ ಅದನ್ನು ಯಾವ ಬಿಲ್ಲಿಗೆ ಜಮಾ ಮಾಡಿದ್ದಾರೆ? ದುಡ್ಡು ಹಾಕುವಾಗ ವ್ಯಾಪಾರಿ ಏನಾದರೂ ಬರೆದಿದ್ದಾರಾ?

ಗಿರೀಶ, ಹಾವೇರಿ

ಪುಸ್ತಕದಲ್ಲಿ ‘ಬಂದದ್ದು 40,000’ ಅಂತ ಅಷ್ಟೇ ಇದೆ. ಫೋನಿನಲ್ಲಿ ‘ಮೆಣಸಿನಕಾಯಿ’ ಅಂತಿದೆ.

ಶಾರದಾ, ಧಾರವಾಡ

ಹಾಗಾದರೆ ನೋಟಿಸನ್ನು ಈಗಲೇ ಅಂಚೆಗೆ ಹಾಕಬೇಡಿ. ಮಾರ್ಚ್ 14ರವರೆಗೆ ಸಮಯವಿದೆ. ಎಲ್ಲ ಬಿಲ್ಲು, ಖಾತೆ ಪುಸ್ತಕ ತಗೊಂಡು ಈ ವಾರವೇ ನಿಮ್ಮ ವಕೀಲರ ಹತ್ತಿರ ಹೋಗಿ. ವ್ಯಾಪಾರಿ ಮಾತಿಗೆ ಸಿಗುವ ಹಾಗಿದ್ದರೆ, ಆ 40,000 ಯಾವ ಬಾಬ್ತು ಅಂತ ಅವರಿಂದಲೇ ಒಂದು ಸಾಲು ಬರೆಸಿಕೊಳ್ಳಲಾಗುತ್ತದಾ ನೋಡಿ.